ಮೂರನೇ ಅಡ್ಡರಸ್ತೆಯ ಚರಂಡಿ ಬಗ್ಗೆ ಪುರಸಭೆಗೆ ದೂರು: ತಿದ್ದಿದ ಪ್ರತಿ

ಚಂದ್ರಣ್ಣ,

ನೀವು ಕೊಟ್ಟ ದೂರು ಪತ್ರವನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಬರೆದಿರುವುದೆಲ್ಲ ನಿಜ. ಮಾತಿನಲ್ಲಿ ಮರ್ಯಾದೆಯೂ ಇದೆ. ಆದರೆ ಇಡೀ ಪುಟಕ್ಕೆ ಒಂದೇ ಪೂರ್ಣವಿರಾಮ. ನಿಮ್ಮ ಆ ವಾಕ್ಯ ಹೀಗಿತ್ತು:

"ನಮ್ಮ ರಸ್ತೆಯಲ್ಲಿ ಚರಂಡಿ ಕಟ್ಟಿಕೊಂಡು ನೀರು ಹೋಗದೆ ನಿಂತು ವಾಸನೆ ಬಂದು ಸೊಳ್ಳೆ ಜಾಸ್ತಿಯಾಗಿ ಮಕ್ಕಳಿಗೆ ಡೆಂಗಿ ಬರುತ್ತಿದ್ದು ಜನವರಿಯಲ್ಲಿ ಅರ್ಜಿ ಕೊಟ್ಟರೂ ಅರ್ಧ ಮಾತ್ರ ಕ್ಲೀನ್ ಮಾಡಿ ಹೂಳನ್ನು ಪಕ್ಕದಲ್ಲೇ ಹಾಕಿ ಹೋಗಿದ್ದು ಅದು ಮಳೆಗೆ ಮತ್ತೆ ಒಳಗೆ ಬಿದ್ದು ಮೇ 3ರಂದು ಮನೆಗಳಿಗೆ ನೀರು ನುಗ್ಗಿದ್ದು ಅಜ್ಜಿಯೊಬ್ಬರು ಬಿದ್ದು ಕೈ ಮುರಿದಿದ್ದು ಆದ್ದರಿಂದ ತಾವು ಕೂಡಲೇ ಕ್ರಮ ಕೈಗೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ."

ಕನ್ನಡದಲ್ಲಿ ಹೀಗೆ ಆಗುವುದು ಸುಲಭ. ಕಟ್ಟಿ, ನಿಂತು, ಬಂದು, ಆಗಿ, ಇದ್ದು ಅಂತ ಪೋಣಿಸುತ್ತಾ ಹೋದರೆ ವಾಕ್ಯ ಮುಗಿಯುವುದೇ ಇಲ್ಲ. ಅರ್ಜಿಯ ಭಾಷೆ ಹೀಗೇ ಇರಬೇಕು ಅಂತ ನಮಗೆಲ್ಲ ಅಭ್ಯಾಸವೂ ಆಗಿಬಿಟ್ಟಿದೆ. ಆದರೆ ಇಲ್ಲಿ ಅಜ್ಜಿಯ ಕೈ ಮುರಿದ ವಿಷಯ ನಡುವೆ ಎಲ್ಲೋ ಹೂತುಹೋಗಿತ್ತು. ಅದನ್ನು ಹೊರಗೆ ತಂದಿದ್ದೇನೆ. ಹೆಚ್ಚುಕಡಿಮೆ ಪ್ರತಿ "ಇದ್ದು" ಬಂದ ಕಡೆ ವಾಕ್ಯ ನಿಲ್ಲಿಸಿದ್ದೇನೆ. ಯಾವುದು ಮೊದಲು ನಡೆಯಿತೋ ಅದನ್ನು ಮೊದಲು ಇಟ್ಟಿದ್ದೇನೆ. ಡೆಂಗಿ ಅನ್ನುವ ಮಾತನ್ನು ಮಾತ್ರ ಬದಲಾಯಿಸಿದ್ದೇನೆ, ಯಾಕೆಂದರೆ ಆ ಸೊಳ್ಳೆ ಜಾಸ್ತಿ ಬೆಳೆಯುವುದು ನಿಂತ ತಿಳಿನೀರಿನಲ್ಲಿ. ಚರಂಡಿಯಿಂದ ಡೆಂಗಿ ಬಂತು ಅಂತ ಬರೆದರೆ ಆರೋಗ್ಯ ನಿರೀಕ್ಷಕರು ಆ ಒಂದು ಮಾತನ್ನೇ ಹಿಡಿದುಕೊಳ್ಳಬಹುದು.

ಡಿಟಿಪಿ ಮಾಡಿಸಿ ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಡಿ. ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡು ಬನ್ನಿ.

ಸರೋಜ ಟೀಚರ್

*

ದಿನಾಂಕ: 14 ಮೇ 2025

ಇವರಿಗೆ,
ಮಾನ್ಯ ಮುಖ್ಯಾಧಿಕಾರಿಗಳು,
ಪುರಸಭೆ ಕಾರ್ಯಾಲಯ

ಇವರಿಂದ,
ವಾರ್ಡ್ ನಂ. 14, ಮೂರನೇ ಅಡ್ಡರಸ್ತೆಯ ನಿವಾಸಿಗಳು

ವಿಷಯ: ಮೂರನೇ ಅಡ್ಡರಸ್ತೆಯ ಚರಂಡಿ ಮತ್ತು ಅಡ್ಡಮೋರಿಯ ಹೂಳನ್ನು ಮಳೆಗಾಲಕ್ಕೆ ಮೊದಲು ತೆಗೆಸುವ ಬಗ್ಗೆ.

ಉಲ್ಲೇಖ: ನಮ್ಮ ಹಿಂದಿನ ಅರ್ಜಿಗಳು, ದಿನಾಂಕ 21 ಜನವರಿ 2025 ಮತ್ತು 11 ಮಾರ್ಚ್ 2025.

ಮಾನ್ಯರೇ,

ನಾವು ಮೂರನೇ ಅಡ್ಡರಸ್ತೆಯ 27 ಮನೆಗಳವರು. ನಮ್ಮ ರಸ್ತೆಯ ಎಡಬದಿಯ ಚರಂಡಿ ಕಳೆದ ನವೆಂಬರ್‌ನಿಂದ ಸರಿಯಾಗಿ ಹರಿಯುತ್ತಿಲ್ಲ. ಮೇ 3ರ ರಾತ್ರಿ ಅದರ ನೀರು ಆರು ಮನೆಗಳ ಒಳಗೆ ಬಂತು. ಮಳೆಗಾಲ ಶುರುವಾಗುವ ಮುಂಚೆ ಇದನ್ನು ಸರಿಪಡಿಸಿಕೊಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇವೆ.

ತೊಂದರೆ ಎಲ್ಲಿದೆ ಎಂಬುದನ್ನು ಮೊದಲು ಹೇಳುತ್ತೇವೆ. ಚರಂಡಿ ಅಂಗನವಾಡಿಯ ಪಕ್ಕದಿಂದ ಇಳಿದು, ರಸ್ತೆಯ ಕೊನೆಯಲ್ಲಿರುವ ಅಡ್ಡಮೋರಿಯ ಮೂಲಕ ದೊಡ್ಡ ಕಾಲುವೆಗೆ ಸೇರುತ್ತದೆ. ನವೆಂಬರ್‌ನಲ್ಲಿ ಕುಡಿಯುವ ನೀರಿನ ಹೊಸ ಪೈಪು ಹಾಕಿದರು. ಆ ಪೈಪು ಅಡ್ಡಮೋರಿಯ ಬಾಯಿಗೆ ಅಡ್ಡವಾಗಿ ಹಾದುಹೋಗಿದೆ. ಅಗೆದ ಮಣ್ಣಿನಲ್ಲಿ ಸ್ವಲ್ಪ ಭಾಗ ಮೋರಿಯ ಒಳಗೇ ಉಳಿಯಿತು. ಈಗ ಪ್ಲಾಸ್ಟಿಕ್ ಕವರು, ತೆಂಗಿನ ಗರಿ, ಹಳೇ ಬಟ್ಟೆ ಎಲ್ಲವೂ ಆ ಪೈಪಿಗೆ ಸಿಕ್ಕಿಕೊಳ್ಳುತ್ತವೆ. ಮೋರಿಯ ಬಾಯಿ ಸುಮಾರು ಎರಡು ಅಡಿ ಎತ್ತರವಿದೆ. ಅದರಲ್ಲಿ ನೀರು ಹೋಗಲು ಉಳಿದಿರುವ ಜಾಗ ಒಂದು ಗೇಣು ಮಾತ್ರ.

ಪೈಪು ಹಾಕಿದ್ದರ ಬಗ್ಗೆ ನಮ್ಮ ತಕರಾರು ಇಲ್ಲ. ಆ ಪೈಪಿನಿಂದಲೇ ನಮ್ಮ ರಸ್ತೆಗೆ ಮೂರು ದಿನಕ್ಕೊಮ್ಮೆ ನೀರು ಬರುತ್ತಿದೆ. ಅದಕ್ಕಾಗಿ ನಾವು ಕೃತಜ್ಞರು. ಪೈಪು ಹಾದುಹೋದ ಎತ್ತರ ಮಾತ್ರ ತೊಂದರೆ ಕೊಡುತ್ತಿದೆ.

ಜನವರಿಯಲ್ಲಿ ನಾವು ಮೊದಲ ಅರ್ಜಿ ಕೊಟ್ಟೆವು. ಒಂಬತ್ತು ದಿನಗಳ ನಂತರ ನಾಲ್ವರು ಪೌರಕಾರ್ಮಿಕರು ಬಂದು ಅರ್ಧ ದಿನ ಕೆಲಸ ಮಾಡಿದರು. ಅವರು ಶ್ರಮಪಟ್ಟು ಕೆಲಸ ಮಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಅವರಿಗೆ ಕೊಟ್ಟಿದ್ದು ಎರಡು ಸಲಿಕೆ ಮತ್ತು ಒಂದು ಬಾಣಲಿ. ಅಂಗನವಾಡಿಯಿಂದ ಅರ್ಧ ರಸ್ತೆಯವರೆಗೆ ಚರಂಡಿ ಸ್ವಚ್ಛವಾಯಿತು. ತೆಗೆದ ಹೂಳನ್ನು ಚರಂಡಿಯ ದಂಡೆಯಲ್ಲೇ ರಾಶಿ ಹಾಕಿದರು. ಒಣಗಿದ ಮೇಲೆ ಟ್ರ್ಯಾಕ್ಟರ್ ಬಂದು ಒಯ್ಯುತ್ತದೆ ಎಂದು ತಿಳಿಸಿದ್ದರು. ಟ್ರ್ಯಾಕ್ಟರ್ ಬರಲಿಲ್ಲ. ಮಾರ್ಚ್‌ನಲ್ಲಿ ಎರಡನೇ ಅರ್ಜಿ ಕೊಟ್ಟೆವು. ಅದಕ್ಕೆ ಇದುವರೆಗೆ ಉತ್ತರ ಬಂದಿಲ್ಲ. ಏಪ್ರಿಲ್‌ನ ಮಳೆಗೆ ಆ ರಾಶಿಯ ಬಹುಪಾಲು ಕರಗಿ ಮತ್ತೆ ಚರಂಡಿಯೊಳಗೆ ಇಳಿಯಿತು.

ಮೇ 3, ಶನಿವಾರ ರಾತ್ರಿ ಒಂದು ಗಂಟೆಯಷ್ಟು ಜೋರು ಮಳೆ ಬಂತು. ಅಡ್ಡಮೋರಿಯಲ್ಲಿ ನೀರು ಹೋಗದೆ ಹಿಂದಕ್ಕೆ ಏರಿತು. ತಗ್ಗಿನಲ್ಲಿರುವ ಆರು ಮನೆಗಳ ಒಳಗೆ ಪಾದ ಮುಳುಗುವಷ್ಟು ಕೊಳಕು ನೀರು ನಿಂತಿತು. ಒಂದು ಮನೆಯಲ್ಲಿ ಎರಡು ಮೂಟೆ ರಾಗಿ ನೆನೆದು ಹಾಳಾಯಿತು. ಇನ್ನೊಂದು ಮನೆಯಲ್ಲಿ ಹತ್ತು ದಿನದ ಬಾಣಂತಿ ಇದ್ದರು. ಅವರನ್ನೂ ಮಗುವನ್ನೂ ಆ ರಾತ್ರಿಯೇ ಎದುರುಮನೆಯ ಮಹಡಿಗೆ ಕರೆದುಕೊಂಡು ಹೋಗಬೇಕಾಯಿತು.

ಮರುದಿನ ಬೆಳಿಗ್ಗೆ ಇನ್ನೊಂದು ಅನಾಹುತ ಆಯಿತು. ಚರಂಡಿಯ ಮೇಲಿನ ಚಪ್ಪಡಿಗಳು ನಾಲ್ಕು ಕಡೆ ಇಲ್ಲ. ಪೈಪಿನ ಕೆಲಸದ ಸಮಯದಲ್ಲಿ ತೆಗೆದವನ್ನು ಮತ್ತೆ ಹಾಕಿಲ್ಲ. ಹಾಲು ತರಲು ಹೊರಟಿದ್ದ 71 ವರ್ಷದ ಅಜ್ಜಿಯೊಬ್ಬರಿಗೆ ನಿಂತ ನೀರಿನಲ್ಲಿ ಆ ತೂತು ಕಾಣಲಿಲ್ಲ. ಅವರು ಚರಂಡಿಯೊಳಗೆ ಬಿದ್ದರು. ಬಲಗೈ ಮಣಿಕಟ್ಟು ಮುರಿದಿದೆ. ವೈದ್ಯರು ಆರು ವಾರ ಪ್ಲಾಸ್ಟರ್ ಹಾಕಿದ್ದಾರೆ. ಅವರು ಒಬ್ಬರೇ ಇರುವವರು, ಹೂ ಕಟ್ಟಿ ಮಾರಿ ಜೀವನ ಮಾಡುವವರು. ಈ ಆರು ವಾರ ಅವರಿಗೆ ದುಡಿಮೆ ಇಲ್ಲ. ಅಂಗನವಾಡಿಗೆ ಬರುವ 19 ಮಕ್ಕಳೂ ದಿನಾ ಅದೇ ಅಂಚಿನಲ್ಲಿ ನಡೆದು ಹೋಗುತ್ತಾರೆ. ಈಗ ನಾವು ಆ ನಾಲ್ಕು ಕಡೆ ಮುಳ್ಳಿನ ಕೊಂಬೆ ಇಟ್ಟು, ಮೇಲೆ ಕೆಂಪು ಬಟ್ಟೆ ಕಟ್ಟಿದ್ದೇವೆ.

ಈ ತಿಂಗಳು ನಮ್ಮ ರಸ್ತೆಯಲ್ಲಿ ಐದು ಮಕ್ಕಳಿಗೆ ಜ್ವರ ಬಂದಿದೆ. ಇದಕ್ಕೆ ಚರಂಡಿಯೇ ಕಾರಣ ಎಂದು ನಾವು ಹೇಳುತ್ತಿಲ್ಲ. ಡೆಂಗಿ ಹರಡುವ ಸೊಳ್ಳೆ ಡ್ರಮ್ಮು, ತೊಟ್ಟಿಗಳಲ್ಲಿ ನಿಂತ ತಿಳಿನೀರಿನಲ್ಲಿ ಬೆಳೆಯುತ್ತದೆ ಎಂದು ಆಶಾ ಕಾರ್ಯಕರ್ತೆಯರು ನಮಗೆ ತಿಳಿಸಿದ್ದಾರೆ. ಅದರಂತೆ ನಾವು ಡ್ರಮ್ಮುಗಳಿಗೆ ಬಟ್ಟೆ ಕಟ್ಟುತ್ತಿದ್ದೇವೆ. ವಾರಕ್ಕೊಮ್ಮೆ ಖಾಲಿ ಮಾಡಿ, ಉಜ್ಜಿ ತೊಳೆಯುತ್ತಿದ್ದೇವೆ. ಆದರೆ ಕೊಳಚೆ ನೀರಿನಲ್ಲಿಯೂ ಬೇರೆ ಸೊಳ್ಳೆಗಳು ಬೆಳೆಯುತ್ತವೆ. ಸಂಜೆ ಆರರ ಮೇಲೆ ಬಾಗಿಲು ತೆರೆದಿಡಲು ಆಗುತ್ತಿಲ್ಲ.

ನಮ್ಮ ಕಡೆಯ ತಪ್ಪನ್ನೂ ಇಲ್ಲಿ ಹೇಳಬೇಕು. ಕಸದ ಆಟೋ ತಪ್ಪಿದ ದಿನ ನಮ್ಮಲ್ಲಿ ಕೆಲವರು ಚರಂಡಿಗೆ ಕಸ ಹಾಕಿದ್ದು ನಿಜ. ಮೇ 4ರ ಸಂಜೆ ಎಲ್ಲ ಮನೆಯವರೂ ಅಂಗನವಾಡಿ ಮುಂದೆ ಸೇರಿ ಮಾತಾಡಿದ್ದೇವೆ. ಇನ್ನು ಮುಂದೆ ಯಾರೂ ಚರಂಡಿಗೆ ಕಸ ಹಾಕುವುದಿಲ್ಲ ಎಂದು ಒಪ್ಪಿಕೊಂಡಿದ್ದೇವೆ. ಆಟೋ ಬರುವ ಹೊತ್ತಿಗೆ ಕೆಲಸಕ್ಕೆ ಹೋಗಿರುವವರ ಕಸವನ್ನು ಪಕ್ಕದ ಮನೆಯವರು ಕೊಡುತ್ತಿದ್ದಾರೆ.

ತಮ್ಮಲ್ಲಿ ನಮ್ಮ ಮೊದಲ ಕೋರಿಕೆ ಅಡ್ಡಮೋರಿಯ ಬಗ್ಗೆ. ಮೇ ತಿಂಗಳು ಮುಗಿಯುವ ಮುಂಚೆ ಅದರ ಹೂಳನ್ನು ಪೂರ್ತಿ ತೆಗೆಸಿಕೊಡಿ. ತೆಗೆದ ಹೂಳನ್ನು ದಂಡೆಯಲ್ಲಿ ಬಿಡದೆ ಅದೇ ದಿನ ಸಾಗಿಸುವ ಏರ್ಪಾಡು ಮಾಡಿಕೊಡಿ. ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಬರುತ್ತದೆ. ಆದ್ದರಿಂದ ಉಳಿದಿರುವುದು ಎರಡು ಮೂರು ವಾರ ಮಾತ್ರ.

ಈ ಕೆಲಸಕ್ಕೆ ಯಂತ್ರವನ್ನೇ ಕಳಿಸಬೇಕೆಂದು ವಿಶೇಷವಾಗಿ ಕೇಳಿಕೊಳ್ಳುತ್ತೇವೆ. ಮೋರಿಯ ಒಳಗೆ ಮನುಷ್ಯರನ್ನು ಇಳಿಸುವುದು ಬೇಡ. ಹೊರಗಿನ ಕೆಲಸಕ್ಕೆ ಬರುವ ಪೌರಕಾರ್ಮಿಕರಿಗೂ ಬೂಟು ಮತ್ತು ಗ್ಲೌಸ್ ಇರಲಿ. ಜನವರಿಯಲ್ಲಿ ಬಂದವರಲ್ಲಿ ಇಬ್ಬರು ಬರಿಗಾಲಿನಲ್ಲಿ ಇದ್ದರು. ನಮ್ಮ ಮನೆ ಮುಂದಿನ ಕೊಳೆ ತೆಗೆಯಲು ಬಂದವರು ಗಾಜು ಚುಚ್ಚಿಸಿಕೊಂಡು ಹೋಗುವುದನ್ನು ನೋಡಲು ನಮಗೆ ಆಗುವುದಿಲ್ಲ.

ಚಪ್ಪಡಿ ಇಲ್ಲದ ನಾಲ್ಕು ಕಡೆ ಹೊಸದು ಹಾಕಿಸಿಕೊಡಿ. ಹೂಳು ತೆಗೆಯುವವರೆಗೆ ಕಾಯದೆ ಇದನ್ನು ಈ ವಾರವೇ ಮಾಡಬಹುದು ಎಂದು ನಮಗೆ ಅನಿಸುತ್ತದೆ. ಪೈಪಿನ ವಿಷಯಕ್ಕೆ ಕಿರಿಯ ಅಭಿಯಂತರರು ಒಮ್ಮೆ ಸ್ಥಳಕ್ಕೆ ಬಂದು ನೋಡಬೇಕು. ಅದನ್ನು ಮೇಲಕ್ಕೆ ಎತ್ತಬೇಕೋ ಬೇರೆ ಕಡೆಯಿಂದ ತಿರುಗಿಸಬೇಕೋ ಅವರೇ ಹೇಳಬಲ್ಲರು. ಆ ಕೆಲಸಕ್ಕೆ ಅಂದಾಜುಪಟ್ಟಿ, ಮಂಜೂರಾತಿ ಬೇಕು, ಸಮಯ ಹಿಡಿಯುತ್ತದೆ ಎಂದು ನಮಗೆ ಗೊತ್ತಿದೆ. ಅದಕ್ಕೆ ಕಾಯುತ್ತೇವೆ. ಹೂಳು ಮತ್ತು ಚಪ್ಪಡಿಯ ಕೆಲಸ ಮಾತ್ರ ಮಳೆಗೆ ಮೊದಲು ಆಗಲೇಬೇಕು.

ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ 87ನೇ ಪ್ರಕರಣದಲ್ಲಿ ಪುರಸಭೆಯ ಕಡ್ಡಾಯ ಕರ್ತವ್ಯಗಳನ್ನು ಹೇಳಿದೆ. ಸಾರ್ವಜನಿಕ ರಸ್ತೆ ಮತ್ತು ಚರಂಡಿಗಳನ್ನು ಸ್ವಚ್ಛವಾಗಿಡುವುದು ಅವುಗಳಲ್ಲಿ ಒಂದು. ತಮಗೆ ತಿಳಿದಿರುವ ವಿಷಯವೇ. ಅರ್ಜಿಯ ಆಧಾರಕ್ಕಾಗಿ ಮಾತ್ರ ಗೌರವಪೂರ್ವಕವಾಗಿ ಇಲ್ಲಿ ಸೂಚಿಸಿದ್ದೇವೆ.

ಕೆಲಸದ ದಿನ ಮತ್ತು ಸಮಯವನ್ನು ಒಂದು ದಿನ ಮುಂಚೆ ತಿಳಿಸಿದರೆ ನಮ್ಮ ಬೈಕು, ಆಟೋಗಳನ್ನು ರಸ್ತೆಯಿಂದ ತೆಗೆದಿಡುತ್ತೇವೆ. ಯಂತ್ರ ತಿರುಗಲು ಜಾಗ ಸಿಗುತ್ತದೆ. ಕೆಲಸಕ್ಕೆ ಬಂದವರಿಗೆ ಕುಡಿಯುವ ನೀರು, ಚಹಾ, ಊಟದ ವ್ಯವಸ್ಥೆ ನಮ್ಮದು. ಸ್ಥಳ ತೋರಿಸಲು ನಮ್ಮಲ್ಲಿ ಇಬ್ಬರು ಬೆಳಿಗ್ಗೆಯಿಂದ ಸಂಜೆಯವರೆಗೆ ಜೊತೆಯಲ್ಲಿ ಇರುತ್ತಾರೆ.

ಈ ಅರ್ಜಿಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ಮೇ 3ರಂದು ನೀರು ನುಗ್ಗಿದ ಆರು ಮನೆಗಳವರು ಈಗಲೂ ಮೋಡ ಕಂಡರೆ ಮಂಚದ ಮೇಲೆ ಸಾಮಾನು ಏರಿಸಿಟ್ಟು ಕೂರುತ್ತಿದ್ದಾರೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಚಂದ್ರಶೇಖರ, ಟೈಲರ್
ಮೂರನೇ ಅಡ್ಡರಸ್ತೆ, ವಾರ್ಡ್ ನಂ. 14
(27 ಮನೆಗಳ ನಿವಾಸಿಗಳ ಪರವಾಗಿ)

ಅಡಕಗಳು: ಹಿಂದಿನ ಎರಡು ಅರ್ಜಿಗಳ ಸ್ವೀಕೃತಿ ಪ್ರತಿ. ಅಡ್ಡಮೋರಿ, ಚಪ್ಪಡಿ ಇಲ್ಲದ ಜಾಗ ಮತ್ತು ಮೇ 3ರ ರಾತ್ರಿಯ ಎಂಟು ಫೋಟೊಗಳು. ನಿವಾಸಿಗಳ ಸಹಿ ಇರುವ ಎರಡು ಹಾಳೆ.

ಪ್ರತಿ: ವಾರ್ಡ್ ನಂ. 14ರ ಮಾನ್ಯ ಸದಸ್ಯರಿಗೆ ಮತ್ತು ಹಿರಿಯ ಆರೋಗ್ಯ ನಿರೀಕ್ಷಕರಿಗೆ, ಮಾಹಿತಿಗಾಗಿ.