ಮಂಜುಗೆ ಅಮ್ಮನ ಕಾಗದ

ಕಂದಾ ಮಂಜು,

ಫೋನಲ್ಲಿ ಹೇಳೋಣ ಅಂದ್ರೆ ‘ಆಯ್ತಮ್ಮ ಆಯ್ತಮ್ಮ’ ಅಂತ ಇಟ್ಬಿಡ್ತೀಯ, ಅದಕ್ಕೇ ಕೂತು ಬರೀತಿದೀನಿ. ಮೊನ್ನೆ ಊಟ ಆಯ್ತಾ ಅಂದಾಗ ಆಯ್ತು ಅಂದ್ಯಲ್ಲ, ಹಿಂದುಗಡೆ ನಿನ್ನ ರೂಮಿನ ಹುಡುಗ ‘ಇವತ್ತೂ ಬಿಸ್ಕೆಟ್ಟೇನೋ’ ಅಂದಿದ್ದು ಕೇಳಿಸ್ತು ಕಣಪ್ಪ. ರಾತ್ರಿಯೆಲ್ಲಾ ನಿದ್ದೆ ಹತ್ಲಿಲ್ಲ. ಯುವನಿಧಿ 3,000 ರೂಪಾಯಿ ಪಿಜಿ ಬಾಡಿಗೆಗೂ ಸಾಲಲ್ಲ, ಅದೂ ಎರಡೇ ವರ್ಷ. ಇಂಟರ್‌ವ್ಯೂ ಬಿಡು ಅಂತಿಲ್ಲ, ಅದರ ಜೊತೆಗೇ ತಿಪಟೂರಲ್ಲಿ ಏನಾದ್ರೂ ಸಣ್ಣದಾಗಿ ಶುರು ಮಾಡು ಅಂತಿದೀನಿ.

ಅಟ್ಟದ ಮೇಲೆ ಕಾಯಿ ಹನ್ನೊಂದು ತಿಂಗಳಾಯ್ತು, ಅಲ್ಲಾಡಿಸಿದ್ರೆ ಒಳಗೆ ಗಡಗಡ ಅಂತಿದೆ. ಉಂಡೆ ಕೊಬ್ಬರಿಗೆ ಮಂಡಿಯವ್ರು ರೇಟು ಕೊಡ್ತಾರೆ, ಒಡೆದ ಚೂರನ್ನ ಮಾತ್ರ ತೀರಾ ಕಡಿಮೆ ರೇಟಿಗೆ ತಗೋತಾರೆ. ಆ ಚೂರನ್ನೇ ಗಾಣಕ್ಕೆ ಹಾಕ್ಸೋಣ. ಕೆಜಿಗೆ ಹೆಚ್ಚೂಕಮ್ಮಿ ಆರುನೂರು ಗ್ರಾಂ ಎಣ್ಣೆ ಬರುತ್ತೆ, ಹಿಂಡಿ ನಮ್ಮ ಹಸುಗಾಯ್ತು. ಈಗಲೇ ಮಿಷಿನ್ ತಗೋಬೇಡ, ಕೂಲಿ ಕೊಟ್ಟು ಆಡಿಸ್ಕೊಂಡು ಬಾ, ಬಾಟ್ಲಿಗೆ ಹಾಕಿ ಬೆಂಗಳೂರಲ್ಲಿ ನಿನ್ನ ಫ್ರೆಂಡ್ಸ್ ಮನೆಗಳಿಗೇ ಕೊಡು. ಎರಡನೇ ಸಲ ಅವರೇ ಕೇಳಿದ್ರೆ ಆಮೇಲೆ ಸ್ವಂತ ಗಾಣದ ಮಾತು. ಅದಕ್ಕೆ ಪಿಎಂಎಫ್‌ಎಂಇ ಅಂತ ಸ್ಕೀಮ್ ಇದೆಯಂತೆ, ಸಬ್ಸಿಡಿ ಸಿಗುತ್ತಂತೆ, ಕೃಷಿ ಇಲಾಖೇಲಿ ನೀನೇ ವಿಚಾರಿಸು.

ಅದು ಬೇಡ ಅಂದ್ರೆ ತಾಲ್ಲೂಕಾಫೀಸ್ ಹತ್ರ ಒಂದು ಕಂಪ್ಯೂಟರು, ಪ್ರಿಂಟರು, ಜೆರಾಕ್ಸು ಇಟ್ಕೊಂಡು ಕೂತ್ಕೋ. ಹೋದ್ವಾರ ಪಹಣಿ ತೆಗ್ಸೋಕೆ ಹೋಗಿದ್ದೆ, ಒಬ್ಬ ಅಜ್ಜ ಬೆಳಗ್ಗೆಯಿಂದ ಆಧಾರ್ ಕಾರ್ಡ್ ಕೈಲಿ ಹಿಡ್ಕೊಂಡು ಅರ್ಜಿ ತುಂಬಿಕೊಡಿ ಅಂತ ಎಲ್ಲರ ಮುಂದೂ ನಿಲ್ತಿದ್ದ, ನೀನಿದ್ದಿದ್ರೆ ಐದು ನಿಮಿಷದ ಕೆಲಸ ಅನ್ನಿಸ್ತು. ಸ್ಕಾಲರ್‌ಶಿಪ್ಪು, ಆದಾಯ ಸರ್ಟಿಫಿಕೇಟು ಅಂತ ಜನ ಬರ್ತಾನೇ ಇರ್ತಾರೆ. ಸಾಯಂಕಾಲ ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಟ್ಯೂಷನ್ನೂ ಮಾಡ್ಬಹುದು, ನೀನು ಹೇಳ್ಕೊಟ್ರೆ ಎಂಥೋರಿಗೂ ಅರ್ಥ ಆಗುತ್ತೆ.

ದೋಸೆ ಹಿಟ್ಟು ರುಬ್ಬಿ ಮಾರೋದೂ ಒಂದಿದೆ, ಅದನ್ನ ನಾನು ನೋಡ್ಕೋತೀನಿ, ನೀನು ಬೆಳಗ್ಗೆ ಪ್ಯಾಕೆಟ್ ಹಾಕಿ ಬಾ. ಫುಡ್ ಲೈಸೆನ್ಸು ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ ಅಷ್ಟೇ ಅಂತ ಸಂಘದವ್ರು ಹೇಳಿದ್ರು. ಅಡಿಕೆ ಹಾಳೆ ತಟ್ಟೆ ಮಾಡೋದು ಮಾತ್ರ ಬೇಡ, ನಮ್ಮೂರ ಕರೆಂಟ್ ನಂಬ್ಕೊಂಡು ಮಿಷಿನ್ ಹಾಕೋಕಾಗಲ್ಲ.

ಗೃಹಲಕ್ಷ್ಮಿ ದುಡ್ಡು, ಡೈರಿ ದುಡ್ಡು ಸೇರಿ 22,000 ಇಟ್ಟಿದೀನಿ. ಅದು ನಿಂದೇ. ಸಾಲ ಮಾತ್ರ ಮೊದಲೇ ಮಾಡ್ಬೇಡ.

ಡಿಗ್ರಿ ಓದಿ ಎಣ್ಣೆ ಮಾರ್ತಾನೆ ಅಂತ ಯಾರಾದ್ರೂ ಅಂದ್ರೆ ಅನ್ಲಿ ಬಿಡು, ನಿನ್ನ ಫೀಸು ಕಟ್ಟಿದ್ದೂ ಇದೇ ಕೊಬ್ಬರಿ. ನಿಮ್ಮಪ್ಪನ ಹತ್ರ ಮಾತಾಡಿದೀನಿ, ಏನೂ ಅನ್ನಲ್ಲ. ಭಾನುವಾರ ಬೆಳಗಿನ ಟ್ರೈನಿಗೆ ಬಾ, ಅವರಿಗೆ ಮಂಡಿ ನೋವು, ಅಟ್ಟದಿಂದ ಕಾಯಿ ನೀನೇ ಇಳಿಸ್ಬೇಕು. ಅವರೆಕಾಳು ಸಾರು ಮಾಡಿಟ್ಟಿರ್ತೀನಿ.

ನಿನ್ನ ಅಮ್ಮ