ಪಾತಿಯಲ್ಲಿ ಸಿಕ್ಕ ಕಾಸು

ಮಲ್ಲಿಗೆ ಗಿಡಕ್ಕೆ ಪಾತಿ ಮಾಡುವಾಗ ಗುದ್ದಲಿಗೆ ಏನೋ ಠಣ್ಣೆಂದು ತಾಗಿತು. ಶಾರದಾ ಟೀಚರ್ ಬಗ್ಗಿ ಎತ್ತಿಕೊಂಡರು. ಕಿಲುಬು ಹಿಡಿದು ಮಂಕಾದ ಬಿಲ್ಲೆ.

"ಅಜ್ಜಿ, ಹುಣಸೆಹಣ್ಣು ಹಚ್ಚಿ ತಿಕ್ಕಲಾ? ಫಳಫಳ ಹೊಳೆಯುತ್ತೆ" ಎಂದ ಮೊಮ್ಮಗ.

"ಬೇಡ ಮರಿ. ತಿಕ್ಕಿದರೆ ಅಕ್ಷರವೂ ಸವೆದುಹೋಗುತ್ತೆ."

ಬರೀ ನೀರಲ್ಲಿ ನೆನೆಸಿ ಮಣ್ಣು ಬಿಡಿಸಿದರು. ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದ ಕೈ ಅದು, ಆತುರ ಇರಲಿಲ್ಲ. ರಾತ್ರಿ ದೀಪ ಆರಿಸಿ, ಟಾರ್ಚನ್ನು ನಾಣ್ಯದ ಮಗ್ಗುಲಲ್ಲಿ ಮಲಗಿಸಿ ಹಿಡಿದರು. ಓರೆ ಬೆಳಕಿಗೆ ಸವೆದ ಗೆರೆಗಳೂ ನೆರಳು ಬಿಟ್ಟು ಎದ್ದು ನಿಂತವು. ಕಿರೀಟ ತೊಟ್ಟ ಹೆಣ್ಣಿನ ಮುಖ, ಅದರ ಪಕ್ಕದಲ್ಲಿ 'ಎಂಪ್ರೆಸ್' ಎಂಬ ಇಂಗ್ಲಿಷ್ ಅಕ್ಷರಗಳು.

"ನೋಡೋ, ವಿಕ್ಟೋರಿಯಾ! 1876ರವರೆಗೆ ನಾಣ್ಯದಲ್ಲಿ 'ಕ್ವೀನ್' ಅಂತಿತ್ತು. 1877ರಿಂದ 'ಎಂಪ್ರೆಸ್'. ಅವಳು ತೀರಿಕೊಂಡಿದ್ದು 1901ರಲ್ಲಿ."

"ಹಾಗಾದ್ರೆ ಆ ನಡುವಿನದ್ದು!"

ಹಿಂಬದಿಯಲ್ಲಿ 'ಒನ್ ಕ್ವಾರ್ಟರ್ ಆಣಾ' ಎಂದಿತ್ತು. ಕಾಲಾಣೆ, ರೂಪಾಯಿಗೆ 64. ಇಸವಿಯ ಕೊನೆಯ ಅಂಕಿ ಪೂರ್ತಿ ಸವೆದಿತ್ತು. ಭೂತಗನ್ನಡಿ ಹಿಡಿದು, ಟಾರ್ಚನ್ನು ಸುತ್ತಲೂ ತಿರುಗಿಸಿದರು. 1, 8... ಮೂರನೆಯದರಲ್ಲಿ ಒಂದರ ಮೇಲೊಂದು ಎರಡು ಸುಳಿ. ಅದೂ ಎಂಟೇ.

ಟೀಚರ್ ಕಾಗದದ ಪೊಟ್ಟಣ ಮಡಚಿ ಅದರ ಮೇಲೆ ದುಂಡಗೆ ಬರೆದರು: 'ತಾಮ್ರದ ಕಾಲಾಣೆ. 1880ರಿಂದ 1889ರ ಒಳಗಿನದು. ಮಲ್ಲಿಗೆ ಪಾತಿಯಲ್ಲಿ, ಗೇಣುದ್ದ ಆಳದಲ್ಲಿ ಸಿಕ್ಕಿದ್ದು.'

"ಆಳ ಯಾಕೆ ಬರೀಬೇಕು ಅಜ್ಜಿ?"

"ನಾಳೆ ಪಕ್ಕದಲ್ಲೇ ಇನ್ನೊಂದು ಸಿಕ್ಕರೆ ಹೋಲಿಸಿ ನೋಡೋಕೆ ಬೇಕಲ್ಲ!"