ಊಟದ ಬಿಡುವು

ಹಾಸನದ ಸಾಲಗಾಮೆ ರಸ್ತೆಯ ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದಲ್ಲಿ ಮಧ್ಯಾಹ್ನ 1 ಗಂಟೆಗೆ ಮೇಸ್ತ್ರಿ ಊಟಕ್ಕೆ ಬಿಟ್ಟೊಡನೆ ಕೆಲಸಗಾರರು ಎರಡು ಪಾಲಾಗುತ್ತಿದ್ದರು. ಜಾರ್ಖಂಡಿನಿಂದ ಬಂದವರು ನೀರಿನ ತೊಟ್ಟಿಯ ನೆರಳಿಗೆ ಹೋದರೆ, ಸುತ್ತಲಿನ ಹಳ್ಳಿಗಳವರು ಹೊಂಗೆ ಮರದ ಬುಡದಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಹಾಗೆ ಕೂರಬೇಕೆಂದು ಯಾರೂ ಹೇಳಿರಲಿಲ್ಲ.

ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಹುಡುಗ ಸುಕ್ರಾ, ರಾಂಚಿ ಬಳಿಯ ಹಟಿಯಾದಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಇಳಿದು, ಅಲ್ಲಿಂದ ಈ ಊರು ಸೇರಿದ್ದ. ಪ್ಲಾಸ್ಟರಿಂಗ್ ಮಾಡುವ ಅವನಿಗೆ ಕಲಸಿದ ಸಿಮೆಂಟನ್ನು ಬಾಂಡ್ಲಿಯಲ್ಲಿ ಹೊತ್ತು ತಂದು ಕೊಡುತ್ತಿದ್ದವಳು ಆಲೂರು ಕಡೆಯ ಹೆಲ್ಪರ್ ಜಯಮ್ಮ. ಬೆಳಗಿನಿಂದ ಸಂಜೆಯವರೆಗೆ ಒಂದೇ ಗೋಡೆಯ ಮುಂದೆ ನಿಂತರೂ ಅವರ ನಡುವೆ ‘ಮಾಲು’, ‘ನೀರು’, ‘ಬೇಗ’ ಎಂಬುದಕ್ಕಿಂತ ಹೆಚ್ಚಿನ ಮಾತು ನಡೆಯುತ್ತಿರಲಿಲ್ಲ. ಅಷ್ಟರಿಂದ ಕೆಲಸವೇನೋ ಸಾಗುತ್ತಿತ್ತು. ಆದರೆ ತಾಯಿಯ ವಯಸ್ಸಿಗೆ ಹತ್ತಿರವಿದ್ದ ಹೆಂಗಸು ದಿನವಿಡೀ ತನಗಾಗಿ ಭಾರ ಹೊರುವಾಗ, ಅವಳೊಂದಿಗೆ ಅಪ್ಪಣೆಯ ಮಾತನ್ನಷ್ಟೇ ಆಡಬೇಕಾದದ್ದು ಅವನನ್ನು ಕಾಡುತ್ತಿತ್ತು.

ಊಟದ ಹೊತ್ತಿಗೆ ಇಲ್ಲಿನವರು ಒಬ್ಬರನ್ನೊಬ್ಬರು ಏನು ಕೇಳುತ್ತಾರೆಂಬುದನ್ನು ಅವನು ಕಿವಿಗೊಟ್ಟು ಕೇಳಿದ್ದ. ಆ ದಿನ ಕೈಕಾಲು ತೊಳೆದು, ತೊಟ್ಟಿಯ ಕಡೆಗೆ ಹೋಗದೆ ನೇರವಾಗಿ ಹೊಂಗೆ ಮರದ ಬಳಿಗೆ ನಡೆದ.

“ಊಟ ಆಯ್ತಾ, ಅಕ್ಕ?”

ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ಜಯಮ್ಮ ತಲೆಯೆತ್ತಿದಳು.

“ಇಲ್ಲ ಕಣಪ್ಪ, ಈಗ ಕೂತ್ಕಂಡೆ. ನಿಂದಾಯ್ತಾ?”

ಪ್ರಶ್ನೆಯನ್ನು ಮಾತ್ರ ಕಲಿತಿದ್ದ ಸುಕ್ರಾ ಇಲ್ಲವೆಂದು ತಲೆಯಾಡಿಸಿದ. ಜಯಮ್ಮ ಪಕ್ಕಕ್ಕೆ ಸರಿದು ಜಾಗ ತೋರಿಸಿದಳು. ಡಬ್ಬಿಯಲ್ಲಿ ಉಪ್ಪುಸಾರಿನ ಜೊತೆಗಿದ್ದ ಮುದ್ದೆಯ ಬಣ್ಣವನ್ನು ಕಂಡಾಗ ಅವನ ಮುಖ ಬದಲಾಯಿತು. ಅವನ ಮನೆಯಲ್ಲಿ ತಾಯಿ ಇದೇ ಕಾಳಿನ ಹಿಟ್ಟಿನಿಂದ ರೊಟ್ಟಿ ಮಾಡುತ್ತಾಳೆ. ಅದನ್ನು ಹೇಳಲು ಮಾತು ಸಾಲದೆ, “ಅಮ್ಮ... ಇದು... ರೊಟ್ಟಿ” ಎಂದು ಅಂಗೈಗಳನ್ನು ತಟ್ಟಿ ತೋರಿಸಿದ.

“ಅಯ್ಯೋ, ನಿಮ್ಮ ಕಡೇಲೂ ರಾಗಿ ಬೆಳೀತಾರಾ?” ದೂರದಿಂದ ಬಂದ ಈ ಹುಡುಗರು ಅನ್ನವನ್ನೇ ಉಂಡು ಬೆಳೆದವರೆಂದು ಜಯಮ್ಮ ಅಂದುಕೊಂಡಿದ್ದಳು. ಹೊಲ ಎಷ್ಟಿದೆ, ಮಳೆ ಹೇಗೆ, ಯಾರು ನೋಡಿಕೊಳ್ಳುತ್ತಾರೆ ಎಂದು ಅವಳು ಒಂದೇ ಉಸಿರಿಗೆ ಕೇಳಿದಳು. ಅವನ ಕಣ್ಣಿನಲ್ಲಿ ಗಲಿಬಿಲಿ ಕಂಡು, ಎಲ್ಲವನ್ನೂ ಬಿಟ್ಟು ಒಂದೊಂದೇ ಪದವನ್ನು ನಿಧಾನವಾಗಿ ಹೇಳಿದಳು.

“ನಾಳೆ ಹಿಟ್ಟು ತರ್ತೀನಿ. ನಮ್ಮ ಹೊಲದ್ದೇ. ರೂಮಲ್ಲಿ ಹೆಂಚು ಐತಾ?”

ಹೆಂಚು ಎಂದರೇನೆಂದು ತಿಳಿಯದೆ ಅವನು ನೋಡಿದಾಗ, ಅವಳು ಮರಳಿನ ಮೇಲೆ ದುಂಡಗೆ ಗೆರೆ ಎಳೆದು, ಕೆಳಗೆ ಮೂರು ಕಲ್ಲುಗಳನ್ನು ಬರೆದಳು.

“ಐತೆ, ಅಕ್ಕ!” ಎಂದ ಸುಕ್ರಾ ಜೇಬಿಗೆ ಕೈ ಹಾಕಿದ. ಜಯಮ್ಮ ಆ ಕೈಯನ್ನು ಹಿಡಿದು ಕೆಳಗಿಳಿಸಿ, ಮುದ್ದೆಯನ್ನು ಮುರಿದು ಅರ್ಧವನ್ನು ಮುಚ್ಚಳದಲ್ಲಿಟ್ಟು ಮೇಲೆ ಸಾರು ಬಿಟ್ಟಳು. ಅಷ್ಟರಲ್ಲಿ ಮೇಲಂತಸ್ತಿನಿಂದ ಮೇಸ್ತ್ರಿ ಸುಕ್ರಾನ ಹೆಸರು ಹಿಡಿದು ಕೂಗಿದ.

“ಹತ್ತು ನಿಮಿಷ ತಡೀರಿ ಮೇಸ್ತ್ರಿ, ನಮ್ಮ ಹುಡುಗ ಇನ್ನೂ ಉಂಡಿಲ್ಲ” ಎಂದು ಜಯಮ್ಮ ಗಟ್ಟಿಯಾಗಿ ಹೇಳಿದಳು.